ಹೆಡ್‌ಫೋನ್ ಕಿವಿಗಷ್ಟೇ, ಮೈಕ್ ಲ್ಯಾಪ್‌ಟಾಪಿನದ್ದೇ ಇರಲಿ

ಮೊನ್ನೆ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಜೂಮ್ ಮೀಟಿಂಗ್‌ನಲ್ಲಿ ಬೆಂಗಳೂರಿನ ಸಹೋದ್ಯೋಗಿಯೊಬ್ಬರು "ಏನ್ರೀ, ಬಾವಿಯೊಳಗೆ ಕೂತ್ಕೊಂಡು ಮಾತಾಡ್ತಿದ್ದೀರಾ?" ಅಂದರು. ನನಗೂ ಅವರ ದನಿ ಹಳೇ ಲ್ಯಾಂಡ್‌ಲೈನ್ ಫೋನಿನ ಹಾಗೇ ಕೇಳುತ್ತಿತ್ತು. ಮಡಿಕೇರಿಯಲ್ಲಿ ಕೂತವರು ಏನೇ ಕೆಟ್ಟರೂ ಮೊದಲು ಬೈಯುವುದು ನೆಟ್‌ವರ್ಕನ್ನೇ ಅಲ್ವಾ, ನಾನೂ ಬೈದೆ. ಆದರೆ ಮೀಟಿಂಗ್‌ಗೆ ಮುಂಚೆ ಅದೇ ಹೆಡ್‌ಫೋನಿನಲ್ಲಿ ಲ್ಯಾಪ್‌ಟಾಪಿನಲ್ಲೇ ಇದ್ದ ಹಾಡು ಚೆಂದ ಕೇಳಿತ್ತು. ಮೀಟಿಂಗ್ ಮುಗಿಸಿ ಹಾಕಿದರೆ ಮತ್ತೆ ಚೆಂದ. ಹಾಗಾದರೆ ಹೆಡ್‌ಫೋನ್ ಕೆಟ್ಟಿಲ್ಲ, ಮೀಟಿಂಗ್ ಹೊತ್ತಿಗಷ್ಟೇ ಏನೋ ಬದಲಾಗುತ್ತಿತ್ತು. ತಪ್ಪು ನೆಟ್‌ವರ್ಕಿನದ್ದಲ್ಲ ಅಂತ ಆಮೇಲೆ ಗೊತ್ತಾಯಿತು.

ವಿಷಯ ಇಷ್ಟು. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿಗೆ ಎರಡು ದಾರಿ ಇರುತ್ತೆ. ಒಂದು ಬರೀ ಕೇಳೋದಕ್ಕೆ, ಅದರಲ್ಲಿ ಸ್ಟೀರಿಯೋ ದನಿ ಬರುತ್ತೆ, ಆದರೆ ಮೈಕ್ ಇಲ್ಲ. ಇನ್ನೊಂದು ಫೋನ್ ಕರೆಗೆ ಅಂತ ಮಾಡಿದ್ದು, ಅದರಲ್ಲಿ ಮೈಕ್ ಇದೆ, ಆದರೆ ದನಿ ಮೋನೋ ಆಗಿ ತೆಳುವಾಗಿಬಿಡುತ್ತೆ. ಮೀಟಿಂಗ್ ಆ್ಯಪ್ ಹೆಡ್‌ಫೋನಿನ ಮೈಕನ್ನು ಹಿಡಿದ ಕ್ಷಣ ಇಡೀ ಹೆಡ್‌ಫೋನ್ ಎರಡನೇ ದಾರಿಗೆ ಹೊರಳುತ್ತೆ. ನಾವು ಮಾತಾಡೋದೂ ಕೆಡುತ್ತೆ, ಕೇಳೋದೂ ಕೆಡುತ್ತೆ. ಎಲ್‌ಇ ಆಡಿಯೋ ಎಂಬ ಹೊಸ ಬ್ಲೂಟೂತ್ ವಿಧಾನ ಇರುವ ಸೆಟ್‌ಗಳಲ್ಲಿ ಈ ಕಾಟ ಕಡಿಮೆ, ಆದರೆ ಲ್ಯಾಪ್‌ಟಾಪಿನಲ್ಲೂ ಅದು ಇರಬೇಕು.

ವಿಂಡೋಸ್ 10ರಲ್ಲಿ ಇದು ಕಣ್ಣಿಗೇ ಕಾಣುತ್ತೆ. ಒಂದೇ ಹೆಡ್‌ಫೋನ್ ಸ್ಪೀಕರ್ ಪಟ್ಟಿಯಲ್ಲಿ ಎರಡು ಸಲ ಇರುತ್ತೆ, Headphones ಅಂತ ಒಂದು, Headset ಅಂತ ಇನ್ನೊಂದು. ಈ Headset ಸಾಲಿನಲ್ಲಿ Hands-Free ಅಂತಲೂ ಇದ್ದರೆ ಅದೇ ಬಾವಿ!

ನಾನು ಮಾಡಿದ್ದು: ಜೂಮ್‌ನಲ್ಲಿ ಮೈಕ್ ಗುಂಡಿಯ ಪಕ್ಕದ ಸಣ್ಣ ಬಾಣ ಒತ್ತಿ, ಸ್ಪೀಕರ್‌ಗೆ Headphones, ಮೈಕ್‌ಗೆ ಲ್ಯಾಪ್‌ಟಾಪಿನ Microphone Array ಆರಿಸಿದೆ. Same as System ಅಂತ ಬಿಟ್ಟಿದ್ದೇ ಎಡವಟ್ಟಾಗಿತ್ತು, ಹೆಡ್‌ಫೋನ್ ಆನ್ ಮಾಡಿದ ಕೂಡಲೇ ವಿಂಡೋಸ್ ತಾನಾಗೇ ಅದರ ಮೈಕಿಗೆ ಹೋಗಿತ್ತು, ಹಿಂದೆಯೇ ಜೂಮ್ ಕೂಡ. ಆರಿಸಿದ ಮೇಲೂ ದನಿ ತೆಳುವಾಗೇ ಇದ್ದರೆ ಬೇರೆ ಯಾವುದೋ ಆ್ಯಪ್, ಇಲ್ಲವೇ ಬ್ರೌಸರಿನ ಟ್ಯಾಬ್ ಆ ಮೈಕನ್ನು ಇನ್ನೂ ಹಿಡಿದುಕೊಂಡಿರಬಹುದು, ಅದನ್ನು ಮುಚ್ಚಿ ನೋಡಿ.

ಯಾವ ಮೈಕ್ ಕೆಲಸ ಮಾಡ್ತಿದೆ ಅಂತ ತಿಳಿಯಲು ನಾನು ಲ್ಯಾಪ್‌ಟಾಪಿನ ಅಂಚನ್ನು ಉಗುರಿನಿಂದ ಟಕ್ ಟಕ್ ಅಂತ ಬಡಿಯುತ್ತೇನೆ. ಜೂಮ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಮೈಕಿನ ದನಿ ತೋರಿಸುವ ಪಟ್ಟಿ ಆಗ ಜಾಸ್ತಿ ಕುಣಿದರೆ ಲ್ಯಾಪ್‌ಟಾಪಿನದ್ದು. ಹೆಡ್‌ಫೋನಿನ ಕಪ್ ಬಡಿದಾಗ ಜಾಸ್ತಿ ಕುಣಿದರೆ ಅದರದ್ದು.

ಇದಕ್ಕೂ ಒಂದು ಮಿತಿ ಇದೆ. ಲ್ಯಾಪ್‌ಟಾಪ್ ಮೈಕ್ ಕೋಣೆಯನ್ನೆಲ್ಲಾ ಕೇಳುತ್ತೆ. ಕೀಬೋರ್ಡ್ ಕುಟ್ಟುವುದು, ಅಡುಗೆಮನೆಯ ಕುಕ್ಕರ್, ಎಲ್ಲಾ. ನಮ್ಮ ಮನೆಗೆ ಶೀಟಿನ ಮಾಡು ಬೇರೆ, ಆಟಿಯ ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳಿಸಲ್ಲ. ಅಂಥ ದಿನ ಸುಮ್ನೆ ಬಾಯಿಗೆ ಹತ್ತಿರ ಇರುವ ಹೆಡ್‌ಫೋನ್ ಮೈಕನ್ನೇ ಆರಿಸಿ, ಸ್ಪೀಕರನ್ನೂ Headset ಮಾಡುತ್ತೇನೆ. ಬಾವಿಯ ದನಿಯಾದರೂ ಮಾತು ಅರ್ಥವಾಗುತ್ತೆ. ಹೋದ ಶುಕ್ರವಾರ ಹಾಗೇ ಮಾಡಿದೆ. ಬಾವಿ ಅಂದಿದ್ದ ಅದೇ ಸಹೋದ್ಯೋಗಿ ಈ ಸಲ ಕೇಳಿದ್ದು, "ಹಿಂದೆ ಯಾರೋ ಅಕ್ಕಿ ಕೇರ್ತಿದ್ದಾರಾ?"