ನಿಶ್ಚಿತಾರ್ಥಕ್ಕೂ ಮದುವೆಗೂ ನಡುವೆ

ನಮ್ಮ ಮಂಡ್ಯ ಕಡೆ ನಿಶ್ಚಿತಾರ್ಥ ಆಗಿ, ಆಷಾಢ ಅಡ್ಡ ಬಂದು, ಮದುವೆ ನಾಲ್ಕೈದು ತಿಂಗಳು ಮುಂದೆ ಹೋಗೋದು ಮಾಮೂಲಿ. ಆ ನಾಲ್ಕೈದು ತಿಂಗಳು ಹುಡುಗ ಹುಡುಗಿ ಇಬ್ಬರ ಕಿವಿಯಿಂದಲೂ ಫೋನ್ ಕೆಳಗಿಳಿಯಲ್ಲ. ಮನೆಯವರೇ ನೋಡಿ ಮಾಡಿದ ಸಂಬಂಧವಾದರೂ ಅಷ್ಟರಲ್ಲಿ ಅದು ಲವ್ ಆಗಿಬಿಟ್ಟಿರುತ್ತದೆ. ನಾನು ಮನಃಶಾಸ್ತ್ರ ಪಾಠ ಮಾಡುವವನು. ಹಾಗಾಗಿ ನನಗೆ ಈ ಕಾಲದ ಮೇಲೆ ಸ್ವಲ್ಪ ಜಾಸ್ತಿನೇ ಕುತೂಹಲ.

ನನ್ನ ಚಿಕ್ಕಮ್ಮನ ಮಗಳ ಕತೆ ಹೇಳ್ತೀನಿ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹುಡುಗ ನೋಡಲು ಬಂದ ದಿನ ಉಪ್ಪಿಟ್ಟು ಕೇಸರಿಬಾತ್ ತಿಂದು, ತಲೆ ತಗ್ಗಿಸಿ ಕೂತಿದ್ದ. ಅವಳನ್ನು ಕೇಳಿದ್ದು ಒಂದೇ ಮಾತು: "ಮದುವೆ ಆದ್ಮೇಲೂ ಕೆಲಸಕ್ಕೆ ಹೋಗ್ತೀರಾ?" ಅವಳಿಗೆ ಅಲ್ಲೇ ಇಷ್ಟವಾಯಿತು. ಆಮೇಲೆ ಒಂದು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಸುಸ್ತಾಗಿ ಕೂತಿದ್ದ ಒಬ್ಬ ಅಜ್ಜಿಗೆ ಅವನು ತನ್ನ ನೀರಿನ ಬಾಟಲಿ ಕೊಟ್ಟ. ಅಷ್ಟೇ. ಮನೆಗೆ ಬಂದವಳು ನನ್ನ ಹತ್ತಿರ ಹೇಳಿದ್ದು: "ಅಣ್ಣ, ಅವರು ಸುಮ್ಸುಮ್ನೆ ಮಾತಾಡಲ್ಲ, ಅಳೆದು ತೂಗಿ ಮಾತಾಡ್ತಾರೆ. ತುಂಬಾ ಜವಾಬ್ದಾರಿ ಇದೆ. ಅಪ್ಪ ಅಮ್ಮನ್ನೂ ಚೆನ್ನಾಗಿ ನೋಡ್ಕೋತಾರೆ."

ನೋಡಿ, ಕಣ್ಣಿಗೆ ಬಿದ್ದದ್ದು ಎರಡೇ. ಹುಡುಗ ಮಾತು ಕಮ್ಮಿ, ಒಬ್ಬರಿಗೆ ನೀರು ಕೊಟ್ಟ. ಉಳಿದದ್ದನ್ನೆಲ್ಲ ಅವಳ ಮನಸ್ಸೇ ತುಂಬಿಕೊಂಡಿತು.

ಇದಕ್ಕೆ ಹೇಲೋ ಎಫೆಕ್ಟ್ ಅಂತಾರೆ. ಈ ಹೆಸರು ಬಳಕೆಗೆ ಬಂದಿದ್ದು ಪ್ರೀತಿಯ ವಿಷಯದಲ್ಲಲ್ಲ, ಸೈನ್ಯದ ವಿಷಯದಲ್ಲಿ. ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ 1920ರಲ್ಲಿ, ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿದ. ಮೈಕಟ್ಟಿಗೆ ಒಂದು ಅಂಕ, ಬುದ್ಧಿಗೆ ಒಂದು, ನಾಯಕತ್ವಕ್ಕೆ ಒಂದು, ನಡತೆಗೆ ಒಂದು. ಇವೆಲ್ಲ ಬೇರೆ ಬೇರೆ ಗುಣಗಳು, ಅಂಕವೂ ಏರುಪೇರಾಗಿ ಇರಬೇಕಿತ್ತು. ಆದರೆ ಸಾಮಾನ್ಯವಾಗಿ ಒಂದರಲ್ಲಿ ಜಾಸ್ತಿ ಬಂದವನಿಗೆ ಉಳಿದದ್ದರಲ್ಲೂ ಜಾಸ್ತಿ, ಒಂದರಲ್ಲಿ ಕಮ್ಮಿ ಬಂದವನಿಗೆ ಉಳಿದದ್ದರಲ್ಲೂ ಕಮ್ಮಿ. ಮನುಷ್ಯರು ಹಾಗೆ ಇರಲ್ಲ. ಅಂದರೆ ಅಧಿಕಾರಿ ಅಳೆದದ್ದು ನಾಲ್ಕು ಗುಣಗಳನ್ನಲ್ಲ. ಆ ಮನುಷ್ಯನ ಬಗ್ಗೆ ತನಗಿದ್ದ ಒಟ್ಟು ಅಭಿಪ್ರಾಯವನ್ನೇ ನಾಲ್ಕು ಸಲ ಬರೆದಿದ್ದ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ವಿಷಯ ಹೊರಗೆ ಬಿದ್ದದ್ದು 1977ರಲ್ಲಿ. ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ ಅನ್ನುವ ಮನಃಶಾಸ್ತ್ರಜ್ಞರು ಅಮೆರಿಕದ ಮಿಷಿಗನ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಯುರೋಪಿನ ಉಚ್ಚಾರಣೆಯಲ್ಲಿ ಇಂಗ್ಲಿಷ್ ಮಾತಾಡುವ ಒಬ್ಬ ಮೇಷ್ಟ್ರ ವಿಡಿಯೋವನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಒಂದು ಗುಂಪು ನೋಡಿದ ವಿಡಿಯೋದಲ್ಲಿ ಮೇಷ್ಟ್ರು ನಗುನಗುತ್ತಾ ಆತ್ಮೀಯವಾಗಿ ಉತ್ತರ ಕೊಡುತ್ತಾರೆ. ಇನ್ನೊಂದರಲ್ಲಿ ಅದೇ ಮೇಷ್ಟ್ರು ಗಡಸು, ಸಿಡುಕು. ಆಮೇಲೆ ಕೇಳಿದ್ದು: ಇವರ ರೂಪ ಹೇಗಿದೆ? ಹಾವಭಾವ? ಉಚ್ಚಾರಣೆ? ಮುಖವೂ ಅದೇ, ಉಚ್ಚಾರಣೆಯೂ ಅದೇ. ಆದರೂ ಮೊದಲ ಗುಂಪಿನ ಹೆಚ್ಚಿನವರಿಗೆ ಆ ರೂಪ, ಹಾವಭಾವ ಹಿಡಿಸಿತು, ಎರಡನೆಯ ಗುಂಪಿನ ಹೆಚ್ಚಿನವರಿಗೆ ರೂಪ, ಹಾವಭಾವ, ಉಚ್ಚಾರಣೆ ಎಲ್ಲವೂ ಕಿರಿಕಿರಿ ಅನ್ನಿಸಿತು.

ಮಜಾ ಇರೋದು ಇದರ ಮುಂದೆ. ಆ ಮೇಷ್ಟ್ರು ಇಷ್ಟವಾದದ್ದರಿಂದ ಅಥವಾ ಆಗದ್ದರಿಂದ ರೂಪಕ್ಕೆ, ಉಚ್ಚಾರಣೆಗೆ ನೀವು ಕೊಟ್ಟ ಅಂಕ ಬದಲಾಯಿತಾ ಅಂತ ಕೇಳಿದರೆ, ಛೇ ಇಲ್ಲವೇ ಇಲ್ಲ ಅಂದರು. ಸಿಡುಕು ಮೇಷ್ಟ್ರನ್ನು ನೋಡಿದವರಂತೂ ಉಲ್ಟಾ ಹೇಳಿದರು. ಆ ಉಚ್ಚಾರಣೆ, ಆ ಹಾವಭಾವ ಹಿಡಿಸದೇ ಇದ್ದದ್ದರಿಂದಲೇ ಮನುಷ್ಯ ಇಷ್ಟವಾಗಲಿಲ್ಲವಂತೆ!

ಪ್ರೀತಿಯಲ್ಲೂ ನಡೆಯೋದು ಇದೇ ಅಂತ ನನ್ನ ವಾದ. ಗುಣ ನೋಡಿ ಇಷ್ಟಪಟ್ಟೆವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಇಷ್ಟ ಮೊದಲು ಬಂದು ಕೂತಿರುತ್ತದೆ, ಗುಣಗಳ ಪಟ್ಟಿ ಆಮೇಲೆ ತಯಾರಾಗುತ್ತದೆ. ಅದಕ್ಕೇ "ಅವನಲ್ಲಿ ಏನು ಕಂಡೆ?" ಅಂತ ಕೇಳಿದಾಗ ಬರುವ ಉತ್ತರವನ್ನು ನಾನು ಅಷ್ಟಾಗಿ ನಂಬಲ್ಲ. ಸುಳ್ಳು ಹೇಳ್ತಾರೆ ಅಂತಲ್ಲ. ಒಳಗೆ ಯಾವುದು ಮೊದಲು ಬಂತು ಅನ್ನೋದು ಹೇಳುವವರಿಗೇ ಕಾಣಿಸಿರಲ್ಲ.

ಮದುವೆಯಾಗಿ ಎರಡು ಹಬ್ಬ ಕಳೆದಿರಬೇಕು, ತಂಗಿ ಫೋನ್ ಮಾಡಿದಳು. ಮಂಡ್ಯದಿಂದ ಮೈಸೂರಿಗೆ ದಿನಾ ಟ್ರೈನಲ್ಲಿ ಓಡಾಡೋದು ಅತ್ತೆಗೆ ಸರಿ ಕಾಣುತ್ತಿರಲಿಲ್ಲ. ಮನೆಗೆ ಬರುವಷ್ಟರಲ್ಲಿ ಕತ್ತಲು, ಕೆಲಸ ಬಿಡು ಅಂತ ಶುರುವಾಗಿತ್ತು. ಗಂಡನ ಎದುರೇ ಮಾತು ನಡೆದರೂ ಅವನು ತುಟಿಪಿಟಕ್ ಅನ್ನಲಿಲ್ಲ. "ಇವರು ಮೊದಲು ಹೀಗಿರಲಿಲ್ಲ ಅಣ್ಣ" ಅಂದಳು.

ಹೀಗೇ ಇದ್ದ. ಹೆಣ್ಣು ನೋಡಲು ಬಂದ ದಿನವೂ ಸುಮ್ಮನೆ ಕೂತಿದ್ದವನು ಇವನೇ. ಅವತ್ತು ಅದು ಗಾಂಭೀರ್ಯವಾಗಿ ಕಂಡಿತ್ತು, ಈಗ ಕೈಲಾಗದತನವಾಗಿ ಕಾಣುತ್ತಿದೆ. ಗುಣ ಒಂದೇ, ಹಣೆಪಟ್ಟಿ ಬೇರೆ. ಹಾಗೆ ನೋಡಿದರೆ ಎರಡನೆಯ ಹಣೆಪಟ್ಟಿಯನ್ನೂ ನಾನು ಪೂರ್ತಿ ಒಪ್ಪಲ್ಲ. ಸಿಟ್ಟು ಬಂದಾಗ ಹೇಲೋ ಉಲ್ಟಾ ತಿರುಗುತ್ತದೆ. ಆಗ ಅವನು ಊಟ ಮಾಡುವ ಸದ್ದೂ ಸಹಿಸಲಿಕ್ಕಾಗಲ್ಲ.

ಹಾಗಾದರೆ ಮೊದಲಿನ ಭ್ರಮೆ ಸಡಿಲವಾಗಿದ್ದು ಯಾಕೆ? ಪ್ರೀತಿ ಕಮ್ಮಿಯಾಯಿತು ಅನ್ನೋದು ಸುಲಭದ ಉತ್ತರ. ನನಗೆ ಕಾಣುವ ಕಾರಣ ಬೇರೆ. ನಿಶ್ಚಿತಾರ್ಥದ ಕಾಲದಲ್ಲಿ ಇಬ್ಬರೂ ಒಂದೇ ಥರದ ಸಂದರ್ಭದಲ್ಲಿ ಸಿಗುತ್ತಾರೆ. ರಜಾ ದಿನ, ಇಸ್ತ್ರಿ ಮಾಡಿದ ಬಟ್ಟೆ, ಕುಕ್ಕರಹಳ್ಳಿ ಕೆರೆ ಏರಿ, ಇಲ್ಲಾಂದ್ರೆ ಫೋನು. ಅಲ್ಲಿ ಅಮ್ಮನಿಗೂ ಹೆಂಡತಿಗೂ ನಡುವೆ ನಿಲ್ಲಬೇಕಾದ ಗಳಿಗೆ ಬರೋದೇ ಇಲ್ಲ. ಬರದೇ ಇದ್ದಾಗ ಆ ಜಾಗ ಖಾಲಿ ಇರುತ್ತದೆ. ಖಾಲಿ ಜಾಗವನ್ನು ಇಷ್ಟ ಅನ್ನೋದು ತನಗೆ ಬೇಕಾದ ಹಾಗೆ ತುಂಬುತ್ತದೆ. ಒಂದೇ ಮನೆಯಲ್ಲಿ ಇದ್ದಾಗ ಆ ಜಾಗಗಳು ಒಂದೊಂದಾಗಿ ನಿಜವಾದ ಘಟನೆಗಳಿಂದ ತುಂಬುತ್ತವೆ. ಜ್ವರ ಬಂದ ರಾತ್ರಿ, ಕೈಯಲ್ಲಿ ದುಡ್ಡಿಲ್ಲದ ತಿಂಗಳ ಕೊನೆ, ನೆಂಟರ ಮುಂದೆ ಆದ ಜಗಳ. ಆಮೇಲೆ ಊಹೆಗೆ ಜಾಗ ಕಮ್ಮಿ.

ಭ್ರಮೆ ಪೂರ್ತಿ ಕಳಚಿಹೋಗಬೇಕು ಅಂತ ನಾನು ಹೇಳುತ್ತಿಲ್ಲ. ಲಿಸಾ ನೆಫ್ ಮತ್ತು ಬೆಂಜಮಿನ್ ಕಾರ್ನಿ ಅನ್ನುವ ಸಂಶೋಧಕರು ಹೊಸದಾಗಿ ಮದುವೆಯಾದ ಜೋಡಿಗಳನ್ನು ಕೆಲವು ವರ್ಷ ಹಿಂಬಾಲಿಸಿ 2005ರಲ್ಲಿ ಬರೆದದ್ದು ನನಗೆ ಇಷ್ಟ. ಒಟ್ಟಾರೆ ನನ್ನ ಜೊತೆಗಾರ ತುಂಬಾ ಒಳ್ಳೆಯವನು ಅಂತ ಹೆಚ್ಚುಕಮ್ಮಿ ಎಲ್ಲರೂ ಹೇಳಿದ್ದರು. ವ್ಯತ್ಯಾಸ ಇದ್ದದ್ದು ಬಿಡಿ ಬಿಡಿ ಗುಣಗಳಲ್ಲಿ. ಗಂಡ ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ವೀಕು ಅಂತ ಸರಿಯಾಗಿ ಗುರುತಿಸಿದ್ದ ಹೆಂಡತಿಯರ ಮದುವೆ ಮುರಿದದ್ದು ಕಮ್ಮಿ. ಗಂಡಂದಿರ ವಿಷಯದಲ್ಲಿ ಈ ನಂಟು ಕಾಣಲಿಲ್ಲ. ಅಮೆರಿಕದ ಜೋಡಿಗಳು ಅವರು, ಹೆಚ್ಚಿನವರು ಅತ್ತೆ ಜೊತೆ ಒಂದೇ ಸೂರಿನಡಿ ಇದ್ದಿರಲಿಕ್ಕಿಲ್ಲ ಅನ್ನೋದು ನೆನಪಿರಲಿ.

ಹಾಗಾಗಿ ಫೋನ್ ಹಿಡಿದು ಓಡಾಡುತ್ತಿರುವವರಿಗೆ ಥಾರ್ನ್‌ಡೈಕ್‌ನ ಪರೀಕ್ಷೆಯೇ ಸಾಕು. ಹುಡುಗನಿಗೆ ಬುದ್ಧಿ, ತಾಳ್ಮೆ, ದುಡ್ಡಿನ ಶಿಸ್ತು, ಧೈರ್ಯ ಎಲ್ಲದಕ್ಕೂ ಹತ್ತಕ್ಕೆ ಒಂಬತ್ತು ಬರುತ್ತಿದೆಯಾ? ಹಾಗಾದರೆ ನೀವಿನ್ನೂ ಅವನನ್ನು ನೋಡಿಲ್ಲ. ಒಂದಕ್ಕೆ ನಾಲ್ಕು ಬಂತು ಅಂದರೆ ನೋಡಲು ಶುರು ಮಾಡಿದ್ದೀರಿ. ಪ್ರತಿ ಅಂಕದ ಎದುರು, ಇದನ್ನು ನಾನು ಯಾವತ್ತು, ಎಲ್ಲಿ ಕಂಡೆ ಅಂತ ಬರೆಯಿರಿ. ಬರೆಯಲು ಏನೂ ಸಿಗದಿದ್ದರೆ ಅಂಕ ಹಾಕಬೇಡಿ, ಖಾಲಿ ಬಿಡಿ. ಹುಡುಗರೂ ಅಷ್ಟೇ, "ಹುಡುಗಿ ತುಂಬಾ ಅಡ್ಜಸ್ಟ್ ಮಾಡ್ಕೋತಾಳೆ" ಅನ್ನುವ ಮೊದಲು ಎಲ್ಲಿ ನೋಡಿದಿರಿ ಅಂತ ಕೇಳಿಕೊಳ್ಳಿ.

ತಂಗಿ ಈಗ "ನಿಮ್ಮಮ್ಮಂಗೆ ನೀವೇ ಹೇಳ್ರಿ" ಅನ್ನೋದನ್ನು ಬಿಟ್ಟಿದ್ದಾಳೆ. ಅವನ ಕೈಲಿ ಅದು ಆಗಲ್ಲ ಅಂತ ಗೊತ್ತಾಗಿದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಅತ್ತೆ ಜೊತೆ ಮಾತಾಡುತ್ತಾಳೆ. ಕೊನೆಗೆ ಅವನು "ಹ್ಞೂಂ, ಹೋಗ್ಲಿ ಬಿಡವ್ವ" ಅಂದರೆ ಸಾಕು. ಅಷ್ಟು ಅಂತಾನಂತೆ. ಟ್ರೈನ್ ಪಾಸ್ ಈ ತಿಂಗಳೂ ಮಾಡಿಸಿದ್ದಾಳೆ.