ಎಂಸಿಬಿ ಏಕೆ ಬೀಳಲಿಲ್ಲ?

ಕಳೆದ ಮದುವೆ ಹಂಗಾಮಿನಲ್ಲಿ ತಂಗಿಯ ಮಗಳನ್ನು ಕರೆತರಲು ಕಲಬುರಗಿಯ ಒಂದು ಬ್ಯೂಟಿ ಪಾರ್ಲರ್‌ಗೆ ಹೋಗಿದ್ದೆ. ಚಿಕ್ಕ ಕೋಣೆಯಲ್ಲಿ ಏಳೆಂಟು ಜನರಿದ್ದರು. ಗೋಡೆಯ ಒಂದೇ ಸಾಕೆಟ್ಟಿನಿಂದ ಹೊರಟ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಎರಡು ಡ್ರೈಯರ್, ಎರಡು ಸ್ಟ್ರೈಟ್ನರ್ ನಡೆಯುತ್ತಿದ್ದವು. ವೈರಿಂಗ್ ನನ್ನ ಕಸುಬಾದ್ದರಿಂದ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಪ್ಲಗ್ಗಿನ ಸುತ್ತ ಸಾಕೆಟ್ಟಿನ ಬಿಳಿ ಪ್ಲಾಸ್ಟಿಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ತೋರಿಸಿದಾಗ ಪಾರ್ಲರ್ ನಡೆಸುವವರು, "ಎಂಸಿಬಿ ಒಮ್ಮೆನೂ ಬಿದ್ದಿಲ್ರೀ ಅಣ್ಣಾರೆ, ಲೋಡ್ ಜಾಸ್ತಿ ಇದ್ರ ಬೀಳ್ತಿತ್ತಲ್ರೀ?" ಎಂದರು.

ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಆರುವ ಸ್ವಿಚ್ಚು ಎಂಸಿಬಿ. ಅದು ಬೀಳದಿದ್ದರೆ ಎಲ್ಲ ಸರಿಯಿದೆ ಎಂಬ ಈ ನಂಬಿಕೆ ಅವರೊಬ್ಬರದಲ್ಲ. ಲೆಕ್ಕ ಹಾಕಿದರೆ ಅದರ ತಪ್ಪು ತಿಳಿಯುತ್ತದೆ. 1,800 ವ್ಯಾಟಿನ ಡ್ರೈಯರ್ 230 ವೋಲ್ಟಿನಲ್ಲಿ ಸುಮಾರು 7.8 ಆಂಪಿಯರ್ ಎಳೆಯುತ್ತದೆ. ಎರಡು ಸೇರಿದರೆ 15.6. ಸ್ಟ್ರೈಟ್ನರಿನ ಪಾಲು ತೀರ ಕಡಿಮೆ. ಅದರ ಅಪಾಯವೇನಿದ್ದರೂ ಸುಮಾರು 200 ಡಿಗ್ರಿ ಕಾದ ಪಟ್ಟಿಯನ್ನು ಟವೆಲ್ಲಿನ ಮೇಲೆ ಇಟ್ಟು ಮರೆಯುವುದರಲ್ಲಿದೆ. ಬೋರ್ಡಿನ ಹಿಂದೆ ಬರೆದಿದ್ದ ಮಿತಿ 6 ಆಂಪಿಯರ್, ಗೋಡೆಯ ಲೈನಿಗೆ ಹಾಕಿದ್ದ ಎಂಸಿಬಿ 16ರದ್ದು. ಅದು ಕಾಯುವುದು ಗೋಡೆಯೊಳಗಿನ ದಪ್ಪ ವೈರನ್ನು. ಬೋರ್ಡಿನ ತೆಳು ವೈರು ತನ್ನ ಮಿತಿಯ ಎರಡೂವರೆ ಪಟ್ಟು ಹೊತ್ತು ಬೇಯುತ್ತಿದ್ದರೂ, ಎಂಸಿಬಿಯ ಮಟ್ಟಿಗೆ ಎಲ್ಲವೂ ಸರಿಯಾಗಿಯೇ ಇತ್ತು.

ಇದಕ್ಕಿಂತ ಕೆಟ್ಟದ್ದು ಪ್ಲಗ್ಗಿನ ಸಡಿಲ. ಸಾಕೆಟ್ಟಿನೊಳಗಿನ ಲೋಹದ ಪಟ್ಟಿ ಕಾದು ಕಾದು ಬಿಗಿ ಕಳೆದುಕೊಳ್ಳುತ್ತದೆ, ಬಿಗಿ ಹೋದಷ್ಟೂ ಇನ್ನಷ್ಟು ಕಾಯುತ್ತದೆ. ಆ ಜಾಗದಲ್ಲಿ ಓಮಿನ ಹತ್ತನೆಯ ಒಂದು ಭಾಗದಷ್ಟು ತಡೆಯಿದ್ದರೂ 16 ಆಂಪಿಯರಿಗೆ 25 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ ಒಂದನ್ನು ಪ್ಲಾಸ್ಟಿಕ್ಕಿನೊಳಗೆ ಹಚ್ಚಿಟ್ಟಂತೆ. ಆದರೆ ಇದರಿಂದ ಕರೆಂಟ್ ಹೆಚ್ಚುವುದಿಲ್ಲ, ಆದ್ದರಿಂದ ಎಂಸಿಬಿಗೆ ಸುದ್ದಿಯೇ ಮುಟ್ಟುವುದಿಲ್ಲ. ಶಾಕ್ ತಡೆಯಲು ಹಾಕುವ ಆರ್‌ಸಿಸಿಬಿಗೂ ಇದು ಕಾಣದು. ಕಾಣುವುದು ನಮಗೆ ಮಾತ್ರ: ಡ್ರೈಯರ್ ಹತ್ತು ನಿಮಿಷ ನಡೆದ ಮೇಲೆ ಅಂಗೈಯ ಹಿಂಬದಿಯನ್ನು ಪ್ಲಗ್ಗಿನ ಹತ್ತಿರ ಹಿಡಿದರೆ ಸಾಕು. ಬಿಸಿಯಿದ್ದರೆ ಸ್ವಿಚ್ ಆರಿಸಿದ ಮೇಲೆಯೇ ಕೀಳಬೇಕು.

ಆ ದಿನ ಎರಡು ಡ್ರೈಯರ್ ಒಟ್ಟಿಗೆ ಹಚ್ಚಬೇಡಿರೆಂದು ಹೇಳಿ, ಹೇರ್ ಸ್ಪ್ರೇ ಡಬ್ಬಿಗಳನ್ನು ಬೋರ್ಡಿನ ಪಕ್ಕದಿಂದ ತೆಗೆಸಿ ಬಂದೆ. ಮುಂದಿನ ವಾರ ಪ್ರತಿ ಡ್ರೈಯರಿಗೂ 2.5 ಚದರ ಮಿಲಿಮೀಟರಿನ ತಾಮ್ರದ ವೈರು, 16 ಆಂಪಿಯರಿನ ಸಾಕೆಟ್ಟು, ಬೇರೆ ಬೇರೆ ಎಂಸಿಬಿ ಹಾಕಿಕೊಟ್ಟೆ. ಎಸಿಯೂ ಇದ್ದುದರಿಂದ ಮಂಜೂರಾದ ಲೋಡ್ ಹೆಚ್ಚಿಸಲು ಜೆಸ್ಕಾಂಗೆ ಅರ್ಜಿ ಕೊಡಿಸಿದೆ. ಖರ್ಚಿನ ಬಗ್ಗೆ ಅವರು ಗೊಣಗಿದರು. ಹಳೆಯ ಸಾಕೆಟ್ ಬಿಚ್ಚಿದಾಗ ಅದರ ಹಿಂದಿನ ವೈರಿನ ಹೊದಿಕೆ ಬೆರಳಿನಲ್ಲಿ ಹಪ್ಪಳದಂತೆ ಮುರಿಯಿತು. ಅದನ್ನು ಅವರ ಅಂಗೈಗೇ ಕೊಟ್ಟೆ.