ರೇರಾ ಅಪ್ಲೈಡ್, ಸೈಟ್ ವಿಸಿಟ್‌ಗೆ ಬನ್ನಿ

"ನಿಮ್ಮ ಕನಸಿನ ಮನೆ ದೇವನಹಳ್ಳಿಯಲ್ಲಿ! ಏರ್‌ಪೋರ್ಟಿಗೆ ಹತ್ತೇ ನಿಮಿಷ! ಎಲ್ಲ ಅಪ್ರೂವಲ್ ಇದೆ! ರೇರಾ ಅಪ್ಲೈಡ್! ಸೈಟ್ ವಿಸಿಟ್ ಬುಕ್ ಮಾಡಿ!" ಕೊನೆಗೆ ಹದಿನಾಲ್ಕು ರಾಕೆಟ್. ಭಾನುವಾರ ಬೆಳಗ್ಗೆ ಕಾಫಿಯ ಜೊತೆ ಮೊಬೈಲಿಗೆ ಬಂದ ಪ್ರಸಾದ ಇದು.

ಹತ್ತು ನಿಮಿಷವನ್ನು ಬಿಡಿ, ಅದು ಬೆಂಗಳೂರಿನಲ್ಲಿ ಅಳತೆ ಅಲ್ಲ, ಆಸೆ. ನನಗೆ ಹಿಡಿಸಿದ್ದು ನಡುವಿನ ಎರಡು ಸಾಲು. ಎಲ್ಲ ಅಪ್ರೂವಲ್ ಇದೆ, ಇಂಥ ಯೋಜನೆಗಳನ್ನು ನೋಂದಾಯಿಸುವ ಸರ್ಕಾರಿ ಪ್ರಾಧಿಕಾರ ರೇರಾಗೆ ಅರ್ಜಿ ಮಾತ್ರ ಹಾಕಿದ್ದೇವೆ. ಮದುವೆ ಮುಗಿದಿದೆ, ಹೆಣ್ಣಿನ ಕಡೆಯವರು ಒಪ್ಪಬೇಕು ಅಷ್ಟೇ ಅಂದ ಹಾಗೆ!

ಫೋನ್ ಮಾಡಿದೆ. ಹುಡುಗ ಬಹಳ ವಿನಯವಂತ.

"ನಂಬರ್ ಇದೆ ಸರ್, ACK/KA/RERA ಅಂತ ಶುರುವಾಗುತ್ತೆ."

"ಅದು ಅರ್ಜಿ ತಲುಪಿದ್ದಕ್ಕೆ ಕೊಟ್ಟ ರಸೀದಿ ಅಲ್ವೇನಪ್ಪಾ?"

"ಅದೇ ಸರ್. ಎಲ್ಲರೂ ಅದನ್ನೇ ಹಾಕೋದು."

ಇಂಥ ಸೈಟ್ ವಿಸಿಟ್‌ಗೆ ಒಮ್ಮೆ ಹೋಗಿದ್ದೆ. ಮನೆ ಬಾಗಿಲಿಗೇ ಕಾರು ಕಳಿಸಿದ್ದರು. ಶಾಮಿಯಾನ, ಬಿಸಿ ಕೇಸರಿಬಾತ್, ಗಾಜಿನ ಪೆಟ್ಟಿಗೆಯೊಳಗೆ ಬೆರಳುದ್ದದ ತೆಂಗಿನಮರಗಳು. ಹೊರಗೆ ರಾಗಿ ಹೊಲ. ಹೊಲದಲ್ಲಿದ್ದ ಎಮ್ಮೆಗೆ ಇದು ಹನ್ನೊಂದನೇ ಮಹಡಿ ಅಂತ ಯಾರೂ ಹೇಳಿರಲಿಲ್ಲ. ಕೇಸರಿಬಾತ್ ನಿಜಕ್ಕೂ ಚೆನ್ನಾಗಿತ್ತು. ಕೈ ತೊಳೆಯುವಷ್ಟರಲ್ಲಿ ಒಂದು ಲಕ್ಷದ ಚೆಕ್ ಕೇಳಿದರು. "ಇದು ಬುಕಿಂಗ್ ಅಲ್ಲ ಸರ್, ನಿಮ್ಮ ಆಸಕ್ತಿ ತೋರಿಸೋಕೆ." ಇಷ್ಟು ದುಬಾರಿ ಆಸಕ್ತಿ ನಾನು ಹೆಂಡತಿಯ ವಿಷಯದಲ್ಲೂ ತೋರಿಸಿರಲಿಲ್ಲ.

ತಮಾಷೆ ಸಾಕು. 2016ರ ರೇರಾ ಕಾಯ್ದೆಯ 3ನೇ ಕಲಂ ಗೊಂದಲವೇ ಇಲ್ಲದಂತೆ ಹೇಳುತ್ತದೆ. ತೀರಾ ಸಣ್ಣ ಯೋಜನೆ ಬಿಟ್ಟರೆ, ನೋಂದಣಿ ಆಗುವ ಮೊದಲು ಮಾರುವುದಿರಲಿ, ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಮಾಡುವಂತಿಲ್ಲ, ಕೊಳ್ಳೋಕೆ ಬನ್ನಿ ಅಂತ ಕರೆಯುವಂತಿಲ್ಲ. ಮೀರಿದರೆ ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ದಂಡ. ಅಂದರೆ ಆ ಪೋಸ್ಟೇ ತಪ್ಪು, ರಾಕೆಟ್ ಸಮೇತ. ಇದು ಗೊತ್ತಿದ್ದೇ ಹಾಕುತ್ತಾರೆ. ಸಂಬಳದಿಂದ ಕಂತು ಕಟ್ಟುವವನು ನಂಬುತ್ತಾನೆ. ಬಾಡಿಗೆ ಮನೆಯಲ್ಲೇ ಇದ್ದು ವರ್ಷಗಟ್ಟಲೆ ಬಾಡಿಗೆ, ಕಂತು ಎರಡನ್ನೂ ಕಟ್ಟುವವನೂ ಅವನೇ. ಸಿಟ್ಟು ಬರುವುದೂ ಹಳತಾಗಿಬಿಟ್ಟಿದೆ.

ಹುಡುಗನಿಗೆ ನಾನೇ ಕ್ಯಾಪ್ಷನ್ ಬರೆದುಕೊಟ್ಟೆ, ಪುಕ್ಕಟೆ. ನೋಂದಣಿ ಆದ ದಿನ ಹಾಕಲಿ:

"ರೇರಾ ನೋಂದಣಿ ಸಂಖ್ಯೆ: PRM/KA/RERA ಅಂತ ಶುರುವಾಗಿ ನಡುವೆ PR ಇರುವ ಪೂರ್ತಿ ನಂಬರ್. rera.karnataka.gov.in ನಲ್ಲಿ ನೀವೇ ನೋಡಿ. ಭೂಪರಿವರ್ತನೆ ಆಗಿದೆ, ಆದೇಶದ ದಿನಾಂಕ ಇಂಥದ್ದು. ಕಟ್ಟಡದ ನಕ್ಷೆ ಮಂಜೂರು ಮಾಡಿದ ಪ್ರಾಧಿಕಾರ ಇಂಥದ್ದು. ವಾಸಕ್ಕೆ ಅನುಮತಿ ಕೊಡುವ ಒಸಿ ಪತ್ರ ಇಲ್ಲ, ಕಟ್ಟಿ ಮುಗಿದ ಮೇಲೆ ಬರಬೇಕು. ಸದ್ಯಕ್ಕೆ ಇಲ್ಲಿರುವುದು ಹೊಲ. ನೋಡಲು ಬರುವವರು ದಿನ, ಹೊತ್ತು ತಿಳಿಸಿ. ಚೆಕ್ ಪುಸ್ತಕ ಮನೆಯಲ್ಲೇ ಇರಲಿ."

ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಕೇಳಿದ: "ಸರ್, ಇಷ್ಟೆಲ್ಲ ಹಾಕಿದ್ರೆ ರಾಕೆಟ್‌ಗೆ ಜಾಗ ಎಲ್ಲಿ ಸರ್?"